ಆಡಳಿತವರ್ಗದ ಉತ್ತರಪತ್ರ (ಆಂತರಿಕ ಲೆಕ್ಕಪರಿಶೋಧನೆ)

ಆಂತರಿಕ ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗೆ ಸಂಸ್ಥೆಯ ಆಡಳಿತವರ್ಗ ಲಿಖಿತವಾಗಿ ಕೊಡುವ ಉತ್ತರ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಸಮಾನವಾದುದು ಅನುಪಾಲನಾ ವರದಿ. 2013ರ ಕಂಪನಿ ಕಾಯ್ದೆಯ 138ನೇ ಕಲಮು ನಿಗದಿತ ವರ್ಗದ ಕಂಪನಿಗಳಿಗೆ ಆಂತರಿಕ ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿದೆ. ವಾರ್ಷಿಕ ವಹಿವಾಟು 200 ಕೋಟಿ ರೂ. ಮುಟ್ಟಿದ ಖಾಸಗಿ ಕಂಪನಿಗಳೂ ಇದರಲ್ಲಿ ಸೇರುತ್ತವೆ. ರಾಮನಗರ ಬಳಿಯ ಬಿಡದಿ, ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳಿಗೂ ಇದೇ ನಿಯಮ.

ಪೂರೈಕೆದಾರರ ಪಾವತಿಗೆ ಸಂಬಂಧಿಸಿದ ಆಕ್ಷೇಪಣೆಯನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಬಿಡದಿಯ ಕಾರ್ಖಾನೆಯೊಂದು ತಲಾ 90 ರೂ.ಗೆ 1,000 ರಟ್ಟಿನ ಪೆಟ್ಟಿಗೆ ತರಿಸುತ್ತದೆ. ಗೋದಾಮಿನ ಸ್ವೀಕೃತಿ ಚೀಟಿಯಲ್ಲಿರುವುದು 900. ಆದರೂ 90,000 ರೂ. ಪೂರ್ತಿ ಪಾವತಿಯಾಗಿದೆ. ವ್ಯವಸ್ಥಾಪಕರ ಮಂಜೂರಾತಿ ಮಿತಿ 50,000 ರೂ.; ಬಿಲ್ಲನ್ನು 45,000ದ ಎರಡು ತುಂಡಾಗಿಸಿ ಮೇಲಧಿಕಾರಿಯ ಸಹಿ ತಪ್ಪಿಸಲಾಗಿದೆ. ಒಂದೇ ದಿನಾಂಕ, ಅನುಕ್ರಮ ಬಿಲ್ ಸಂಖ್ಯೆಗಳು ಇದರ ಸುಳಿವು.

ಉತ್ತರಪತ್ರ ಮೊದಲು ಆಕ್ಷೇಪಣೆಯನ್ನು ಒಪ್ಪುತ್ತದೆ ಅಥವಾ ದಾಖಲೆಸಹಿತ ನಿರಾಕರಿಸುತ್ತದೆ. ಬಳಿಕ ಮೂಲಕಾರಣ ಹೇಳುತ್ತದೆ: ಬಿಲ್ ನಮೂದಿಸುವವರೇ ಪಾವತಿಯನ್ನೂ ಮಂಜೂರು ಮಾಡುತ್ತಿದ್ದರು. ಹೆಚ್ಚುವರಿ 9,000 ರೂ. ವಸೂಲಿ, ಖರೀದಿ ಆದೇಶ-ಸ್ವೀಕೃತಿ ಚೀಟಿ-ಬಿಲ್ಲುಗಳ ತಾಳೆ, ಆದೇಶದ ಒಟ್ಟು ಮೊತ್ತಕ್ಕೆ ಮಂಜೂರಾತಿ ಮಿತಿ ಅನ್ವಯ, ಇವು ಪರಿಹಾರ ಕ್ರಮಗಳು. ಪ್ರತಿ ಕ್ರಮಕ್ಕೂ ಹೊಣೆಗಾರ ಅಧಿಕಾರಿಯ ಹುದ್ದೆ ಮತ್ತು ಗಡುವು ಬರೆಯಬೇಕು. “ಮುಂದೆ ಎಚ್ಚರ ವಹಿಸಲಾಗುವುದು” ಎಂಬಷ್ಟೇ ಉತ್ತರವನ್ನು ಪರೀಕ್ಷಿಸಿ ನೋಡಲು ಬರುವುದಿಲ್ಲ.

ಪತ್ರ ಬಂದೊಡನೆ ಆಕ್ಷೇಪಣೆ ಮುಕ್ತಾಯವಾಗದು. ಗಡುವಿನ ನಂತರದ ಪಾವತಿಗಳನ್ನು ಆಯ್ದು ಪರಿಶೀಲಿಸಿದ ಮೇಲೆಯೇ ಲೆಕ್ಕಪರಿಶೋಧಕರು ಅದನ್ನು ಕೈಬಿಡುತ್ತಾರೆ.