ದಸರೆಯ ನಂತರ ಉದುರುವ ಕೂದಲು: ಮೈಸೂರಿನಲ್ಲಿ ಋತುವಿನ ಪಾಲೆಷ್ಟು, ಜ್ವರದ ಪಾಲೆಷ್ಟು?

ದಸರೆ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಮೈಸೂರಿನ ಮನೆಗಳಲ್ಲಿ ಕೂದಲು ಉದುರುವ ಮಾತು ಏಳುವುದು ಹೊಸತಲ್ಲ. ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಉಂಡೆಯನ್ನು ತೋರಿಸಿ ಒಬ್ಬರು ಬೋರ್‌ವೆಲ್ ನೀರನ್ನು ದೂರಿದರೆ, ಇನ್ನೊಬ್ಬರು ಹೊಸ ಶಾಂಪೂವನ್ನು, ಮತ್ತೊಬ್ಬರು ಎಣ್ಣೆ ಹಚ್ಚದ ಸೋಮಾರಿತನವನ್ನು ದೂರುತ್ತಾರೆ. ಇತ್ತೀಚೆಗೆ ಇದಕ್ಕೆ ನಾಲ್ಕನೆಯ ಉತ್ತರವೊಂದು ಸೇರಿದೆ: ‘ಇದು ಸೀಸನಲ್, ತಾನಾಗಿಯೇ ನಿಲ್ಲುತ್ತದೆ.’ ನಾಲ್ಕರಲ್ಲಿ ವಿಜ್ಞಾನದ ಆಧಾರ ಇರುವುದು ಈ ಕೊನೆಯದಕ್ಕೆ ಮಾತ್ರ. ಆದರೆ ಆ ಆಧಾರ ಹುಟ್ಟಿದ್ದು ಯುರೋಪಿನಲ್ಲಿ. ಅದು ಮೈಸೂರಿಗೆ ಎಷ್ಟು ಒಪ್ಪುತ್ತದೆ, ಒಪ್ಪದ ಕಡೆ ಅದು ಏನನ್ನು ಮರೆಮಾಡುತ್ತದೆ ಎಂಬುದು ಈ ಲೇಖನದ ವಿಷಯ.

ಮೊದಲು ಕೂದಲಿನ ಲೆಕ್ಕ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ಅದರ ಬುಡ ಮುದುಡಿ, ಸುಮಾರು ಮೂರು ತಿಂಗಳು ಸುಮ್ಮನೆ ನಿಂತು, ಕೊನೆಗೆ ಕಳಚಿಕೊಳ್ಳುತ್ತದೆ. ಸುಮ್ಮನೆ ನಿಂತ ಈ ಹಂತಕ್ಕೆ ಚರ್ಮವೈದ್ಯರು ಟೆಲೋಜೆನ್ ಎನ್ನುತ್ತಾರೆ. ಸಾಮಾನ್ಯವಾಗಿ ನೂರರಲ್ಲಿ ಹತ್ತು ಕೂದಲು ಈ ಹಂತದಲ್ಲಿರುತ್ತವೆ ಎಂದಿಟ್ಟುಕೊಂಡರೆ 10,000 ಕೂದಲು ನೂರು ದಿನಗಳಲ್ಲಿ ಉದುರಬೇಕು, ಎಂದರೆ ದಿನಕ್ಕೆ 100. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ ಎಂಬ ಮಾತಿನ ಹಿಂದಿರುವುದು ಇದೇ ಭಾಗಾಕಾರ. ವಿಶ್ರಾಂತಿಯಲ್ಲಿರುವ ಕೂದಲಿನ ಪಾಲು ಹತ್ತರಿಂದ ಇಪ್ಪತ್ತಕ್ಕೆ ಏರಿದರೆ ಉದುರುವುದು ದಿನಕ್ಕೆ 200 ಆಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಮೂರು ತಿಂಗಳ ಅಂತರ. ಇಂದು ಬಾಚಣಿಗೆಗೆ ಬಂದ ಕೂದಲಿನ ವಿಧಿ ನಿರ್ಧಾರವಾದದ್ದು ಮೂರು ತಿಂಗಳ ಹಿಂದೆ. ಹಾಗಾಗಿ ಕಳೆದ ವಾರ ಬದಲಿಸಿದ ಶಾಂಪೂ ಈ ವಾರದ ಉದುರುವಿಕೆಗೆ ಕಾರಣವಾಗುವುದು ಬಹಳ ಅಪರೂಪ. ಗಡಸು ನೀರಿನ ಮೇಲಿನ ಆರೋಪವೂ ಹೀಗೆಯೇ ಬೀಳುತ್ತದೆ. ಅದು ಕೂದಲನ್ನು ಒರಟಾಗಿಸಿ ನಡುವೆ ಮುರಿಯುವಂತೆ ಮಾಡಬಹುದೇ ಹೊರತು ಬುಡದಿಂದ ಕಳಚುವುದಿಲ್ಲ. ಮುರಿದ ಕೂದಲಿಗೆ ತುದಿಯಲ್ಲಿ ಬಿಳಿಯ ಪುಟ್ಟ ಗಂಟಿರುವುದಿಲ್ಲ, ಕಳಚಿದ್ದಕ್ಕೆ ಇರುತ್ತದೆ. ಬಿಳಿ ಕಾಗದದ ಮೇಲಿಟ್ಟು ನೋಡಿದರೆ ಬರಿಗಣ್ಣಿಗೇ ತಿಳಿಯುತ್ತದೆ.

ಋತುವಿನ ವಾದಕ್ಕೆ ಗಟ್ಟಿ ಸಾಕ್ಷ್ಯ ಒದಗಿಸಿದವರು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆಲಸ ಮಾಡಿದ ರಾಂಡಲ್ ಮತ್ತು ಎಬ್ಲಿಂಗ್. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 14 ಮಂದಿ ಆರೋಗ್ಯವಂತ ಗಂಡಸರನ್ನು 18 ತಿಂಗಳು ಗಮನಿಸಲಾಯಿತು. ಬೆಳೆಯುವ ಹಂತದ ಕೂದಲಿನ ಪಾಲು ಮಾರ್ಚ್‌ನಲ್ಲಿ ನೂರಕ್ಕೆ ತೊಂಬತ್ತನ್ನು ದಾಟಿ, ಅಲ್ಲಿಂದ ಇಳಿಯುತ್ತ ಸೆಪ್ಟೆಂಬರ್‌ನಲ್ಲಿ ತಳ ಕಂಡಿತು. ಉದುರುವಿಕೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶಿಖರ ಮುಟ್ಟಿ ದಿನಕ್ಕೆ ಸುಮಾರು 60ಕ್ಕೆ ಏರಿತು; ಹಿಂದಿನ ಚಳಿಗಾಲದ ಪ್ರಮಾಣದ ಎರಡು ಪಟ್ಟಿಗೂ ಹೆಚ್ಚು. 2009ರಲ್ಲಿ ಜ್ಯೂರಿಕ್‌ನ ಕುಂಟ್ಸ್, ಸೈಫರ್ಟ್ ಮತ್ತು ಟ್ರೂಯೆಬ್, ಕೂದಲು ಉದುರುತ್ತದೆಂದು ಬಂದ 823 ಹೆಂಗಸರ ಕೂದಲಬುಡಗಳನ್ನು ಪರೀಕ್ಷಿಸಿ, ಟೆಲೋಜೆನ್ ಪಾಲು ಜುಲೈನಲ್ಲಿ ಅತಿ ಹೆಚ್ಚು, ಏಪ್ರಿಲ್‌ನಲ್ಲಿ ಇನ್ನೊಂದು ಚಿಕ್ಕ ಏರಿಕೆ ಎಂದು ತೋರಿಸಿದರು. ಜುಲೈನಲ್ಲಿ ವಿಶ್ರಾಂತಿಗೆ ಹೋದದ್ದು ಶರತ್ಕಾಲದಲ್ಲಿ ಉದುರುತ್ತದೆ. ಎರಡು ಊರುಗಳ ಫಲಿತಾಂಶ ಹೀಗೆ ಒಂದಕ್ಕೊಂದು ಹೊಂದುತ್ತವೆ. ಒಂದು ಸಣ್ಣ ಮಾತು: ಶೆಫೀಲ್ಡ್‌ನ ಅತಿ ಹೆಚ್ಚಿನ ಆ 60 ಕೂದಲು ಕೂಡ ನಾವು ಸಹಜ ಎನ್ನುವ ಮಿತಿಯೊಳಗೇ ಇದೆ. ನಿಜವಾದ ಋತುಮಾನದ ಉದುರುವಿಕೆ ಇಷ್ಟು ಸೌಮ್ಯವಾದದ್ದು. ಮುಷ್ಟಿಗಟ್ಟಲೆ ಕೂದಲು ಹೋಗುವುದನ್ನು ಅದರ ತಲೆಗೆ ಕಟ್ಟುವಾಗ ಅನುಮಾನ ಬರಬೇಕು.

ಈ ಏರಿಳಿತಕ್ಕೆ ಕಾರಣವೇನು? ಕುರಿ, ಕುದುರೆಗಳಂಥ ಪ್ರಾಣಿಗಳಲ್ಲಿ ಹಗಲಿನ ಉದ್ದ ಕಣ್ಣಿನ ಮೂಲಕ ಮೆಲಟೋನಿನ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳನ್ನು ಬದಲಿಸಿ ತುಪ್ಪಳ ಉದುರಿಸುತ್ತದೆ. ಮನುಷ್ಯನಲ್ಲಿ ಉಳಿದಿರುವುದು ಅದರ ಮಸುಕಾದ ಅವಶೇಷ ಎಂಬ ವಿವರಣೆಯೇ ಹೆಚ್ಚು ಒಪ್ಪಿತವಾದದ್ದು. ಅದು ನಿಜವಾದರೆ ಹಗಲಿನ ಉದ್ದ ಎಲ್ಲಿ ಹೆಚ್ಚು ಬದಲಾಗುತ್ತದೋ ಅಲ್ಲಿ ಪರಿಣಾಮವೂ ಹೆಚ್ಚಿರಬೇಕು. ಜ್ಯೂರಿಕ್‌ನಲ್ಲಿ ಜೂನ್ ಮತ್ತು ಡಿಸೆಂಬರ್‌ನ ಹಗಲುಗಳ ನಡುವೆ ಏಳೂವರೆ ಗಂಟೆಯಷ್ಟು ವ್ಯತ್ಯಾಸವಿದೆ, ಶೆಫೀಲ್ಡ್‌ನಲ್ಲಿ ಒಂಬತ್ತು ಗಂಟೆಗೂ ಹೆಚ್ಚು. ಉತ್ತರ ಅಕ್ಷಾಂಶ 12.3 ಡಿಗ್ರಿಯಲ್ಲಿರುವ ಮೈಸೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ. ಹಗಲಿಗೆ ಬದಲು ಬಿಸಿಲೇ ಕಾರಣವೆಂದು ವಾದಿಸಿದರೂ ಲೆಕ್ಕ ಕೂಡುವುದಿಲ್ಲ. ನಮ್ಮ ಬೇಸಿಗೆಯ ತುದಿ ಏಪ್ರಿಲ್. ಮೂರು ತಿಂಗಳು ಸೇರಿಸಿದರೆ ಉದುರುವಿಕೆ ಆಷಾಢದ ಆಚೀಚೆ, ಜುಲೈನಲ್ಲಿ ಬರಬೇಕೇ ಹೊರತು ಕಾರ್ತಿಕದಲ್ಲಲ್ಲ. ಮೈಸೂರಿನಿಂದ ಯುರೋಪಿಗೆ ಹೋಗಿ ನೆಲೆಸಿದವರಿಗೆ ಸೆಪ್ಟೆಂಬರಿನ ಉದುರುವಿಕೆ ಋತುವಿನದೇ ಇರಬಹುದು. ಇಲ್ಲೇ ಇದ್ದವರಿಗೆ ಆ ವಿವರಣೆಯನ್ನು ಹಾಗೆಯೇ ಎತ್ತಿ ತಂದುಕೊಡುವುದು ಸರಿಯಲ್ಲ.

ಹಾಗಾದರೆ ನಮ್ಮ ಅಕ್ಟೋಬರ್-ನವೆಂಬರ್‌ನಿಂದ ಮೂರು ತಿಂಗಳು ಹಿಂದಕ್ಕೆ ಹೋದರೆ ಏನು ಸಿಗುತ್ತದೆ? ಜುಲೈ, ಆಗಸ್ಟ್, ಮಳೆಗಾಲದ ಜ್ವರಗಳ ಕಾಲ. ಈಡಿಸ್ ಸೊಳ್ಳೆ ಹೆಚ್ಚಿ ಡೆಂಗಿ, ಚಿಕೂನ್‌ಗುನ್ಯಾ ಏರುವುದು ಈ ತಿಂಗಳುಗಳಲ್ಲೇ. 2024ರಲ್ಲಿ ಡೆಂಗಿ ಎಷ್ಟು ಏರಿತೆಂದರೆ ಸೆಪ್ಟೆಂಬರ್ ಮೊದಲ ವಾರ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ತೀವ್ರ ಜ್ವರ ಬಂದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲು ಅವಧಿಗೆ ಮೊದಲೇ, ಒಟ್ಟಿಗೆ ವಿಶ್ರಾಂತಿಗೆ ಇಳಿಯುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. 1961ರಲ್ಲಿ ಅಮೆರಿಕದ ಆಲ್ಬರ್ಟ್ ಕ್ಲಿಗ್ಮನ್ ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಎಂದು ಹೆಸರಿಟ್ಟರು. ಕೋವಿಡ್ ಇದನ್ನು ಊರಿಗೆಲ್ಲ ಪರಿಚಯಿಸಿತು: ಎರಡನೆಯ ಅಲೆ 2021ರ ಏಪ್ರಿಲ್-ಮೇ ತಿಂಗಳಲ್ಲಿ ಬಂತು, ಗುಣವಾದವರ ಕೂದಲು ಆ ಮಳೆಗಾಲದಲ್ಲಿ ಉದುರಿತು. ಕಾರಣ ಪ್ರತಿವರ್ಷ ಒಂದೇ ತಿಂಗಳಲ್ಲಿ ಬಂದರೆ ಪರಿಣಾಮವೂ ಪ್ರತಿವರ್ಷ ಒಂದೇ ತಿಂಗಳಲ್ಲಿ ಕಾಣುತ್ತದೆ. ನೋಡುವವರಿಗೆ ಅದು ಋತುವಿನದೇ ಕೆಲಸವೆಂದು ತೋರುತ್ತದೆ. ಮೈಸೂರಿನ ದಸರೋತ್ತರ ಉದುರುವಿಕೆಯಲ್ಲಿ ಹಗಲಿನ ಪಾಲಿಗಿಂತ ಸೊಳ್ಳೆಯ ಪಾಲು ದೊಡ್ಡದು ಎಂಬುದು ನನ್ನ ವಾದ.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಕುವೆಂಪುನಗರದ 34 ವರ್ಷದ ಶಿಕ್ಷಕಿಯೊಬ್ಬರಿಗೆ ಆಗಸ್ಟ್ ಮಧ್ಯದಲ್ಲಿ ಆರು ದಿನ ಡೆಂಗಿ ಜ್ವರ. ನವೆಂಬರ್ ಮೊದಲ ವಾರದಿಂದ ಬಾಚಿದಾಗಲೆಲ್ಲ ಕೂದಲು. ಅವರು ವಾರಕ್ಕೊಮ್ಮೆ, ಭಾನುವಾರ, ಎಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತಲೆಗೆ ಎರೆದುಕೊಳ್ಳುವವರು. ವಾರವಿಡೀ ಹೆರಳಿನೊಳಗೆ ಸಡಿಲವಾಗಿ ನಿಂತ ಕೂದಲೆಲ್ಲ ಆ ಒಂದು ಸ್ನಾನದಲ್ಲಿ ಕೈಗೆ ಬರುವುದರಿಂದ ಭಾನುವಾರದ ಉಂಡೆ ನೋಡಿ ಅಳೆಯುವುದು ಮೋಸ. ದಿನವೂ ತಲೆಸ್ನಾನ ಮಾಡುವ ತಂಗಿಗೆ ಇಷ್ಟೇ ಕೂದಲು ಹೋಗುತ್ತಿದ್ದರೂ ಅದು ಏಳು ದಿನಕ್ಕೆ ಹಂಚಿಹೋಗಿ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಇಟಲಿಯ ರೆಬೋರಾ ಮತ್ತು ಸಂಗಡಿಗರು ರೂಪಿಸಿದ ತೊಳೆಯುವ ಪರೀಕ್ಷೆ ಚೆನ್ನಾಗಿ ಒಗ್ಗುತ್ತದೆ. ಐದು ದಿನ ತಲೆಸ್ನಾನ ಬಿಡಬೇಕು; ಆಮೇಲೆ ತೂಬಿಗೆ ತೆಳುಬಟ್ಟೆ ಕಟ್ಟಿದ ಬೇಸಿನ್ನಿನಲ್ಲಿ ತಲೆ ತೊಳೆದು, ಉದುರಿದ್ದನ್ನೆಲ್ಲ ಕೂಡಿಸಿ ಎಣಿಸಬೇಕು, ಅದರಲ್ಲಿ 3 ಸೆಂಟಿಮೀಟರ್‌ಗಿಂತ ಚಿಕ್ಕವೆಷ್ಟು ಎಂದು ಬೇರೆಯಾಗಿ ಲೆಕ್ಕ ಹಾಕಬೇಕು. ಒಟ್ಟು 100 ದಾಟಿ, ಚಿಕ್ಕವು ನೂರಕ್ಕೆ ಹತ್ತಕ್ಕಿಂತ ಕಡಿಮೆಯಿದ್ದರೆ ಅದು ಟೆಲೋಜೆನ್ ಎಫ್ಲುವಿಯಂ. ಒಟ್ಟು 100ರೊಳಗೆ ಇದ್ದು ಚಿಕ್ಕವು ನೂರಕ್ಕೆ ಹತ್ತು ಅಥವಾ ಹೆಚ್ಚಿದ್ದರೆ ಬುಡವೇ ಸಣ್ಣಗಾಗುತ್ತಿರುವ ವಂಶಪಾರಂಪರ್ಯದ ತೆಳುವಾಗುವಿಕೆ. ಎರಡೂ ಹೆಚ್ಚಿದ್ದರೆ ಎರಡೂ ಸೇರಿಕೊಂಡಿವೆ. ನಮ್ಮ ಶಿಕ್ಷಕಿಗೆ 236 ಕೂದಲು ಬಂದು ಅದರಲ್ಲಿ ಚಿಕ್ಕವು 9 ಎಂದಾದರೆ, ಎಂದರೆ ನೂರಕ್ಕೆ ನಾಲ್ಕರಷ್ಟು, ಕಾರಣ ಆಗಸ್ಟಿನ ಜ್ವರ. ಉದುರುವಿಕೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ನಿಲ್ಲುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಯುಗಾದಿಗೆ ಹಣೆಯಂಚಿನಲ್ಲಿ ನಾಲ್ಕೈದು ಸೆಂಟಿಮೀಟರಿನ ಹೊಸ ಕೂದಲು ನಿಗುರಿ ನಿಲ್ಲುತ್ತವೆ. ಅದೇ ಮನೆಯ 26 ವರ್ಷದ ತಂಗಿಗೆ 84 ಬಂದು ಅದರಲ್ಲಿ 17 ಚಿಕ್ಕವಾದರೆ, ಎಣಿಕೆ ಕಡಿಮೆಯಿದ್ದರೂ ಚಿಂತಿಸಬೇಕಾದದ್ದು ಅವಳ ವಿಷಯದಲ್ಲೇ. ಜೊತೆಗೆ ಮುಟ್ಟು ಏರುಪೇರಾಗಿದ್ದು ಮುಖದ ಮೇಲೆ ರೋಮ ಹೆಚ್ಚಿದ್ದರೆ ಪಿಸಿಒಎಸ್ ತಪಾಸಣೆ ಅಗತ್ಯ.

ಋತು ಎಂದಾಗಲಿ ಜ್ವರ ಎಂದಾಗಲಿ ಸುಮ್ಮನಿರಬಾರದ ಸಂದರ್ಭಗಳು ಹೀಗೆ ಗುರುತಾಗುತ್ತವೆ. ಉದುರುವಿಕೆ ಆರು ತಿಂಗಳು ದಾಟಿದರೆ ಕಾರಣ ಇನ್ನೂ ಒಳಗೇ ಇದೆ ಎಂದರ್ಥ. ಕಬ್ಬಿಣದ ಕೊರತೆ ಮತ್ತು ಥೈರಾಯ್ಡ್ ಮೊದಲ ಶಂಕಿತರು. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ ಇದನ್ನು ಕೇಳದೆ ಬಿಡುವಂತಿಲ್ಲ. ತಲೆಯೆಲ್ಲ ಸಮನಾಗಿ ತೆಳುವಾಗುವ ಬದಲು ಬೈತಲೆ ಮಾತ್ರ ಅಗಲವಾಗುತ್ತಿದ್ದರೆ ಅದು ವಂಶದ್ದು, ಜ್ವರ ಅದನ್ನು ಬೇಗ ಬಯಲಿಗೆ ತಂದಿದೆಯಷ್ಟೇ. ನಾಣ್ಯದಷ್ಟು ದುಂಡಗೆ ನುಣುಪಾಗಿ ಹೋದದ್ದನ್ನು ಜನ ‘ಹುಳು ತಿಂದಿದೆ’ ಎನ್ನುತ್ತಾರೆ. ಅದು ಅಲೋಪೇಶಿಯಾ ಏರಿಯೇಟಾ, ದೇಹದ ರೋಗನಿರೋಧಕ ಶಕ್ತಿಯೇ ಕೂದಲಬುಡದ ಮೇಲೆ ತಿರುಗಿಬಿದ್ದ ಸ್ಥಿತಿ. ಎಲ್ಲಕ್ಕಿಂತ ಆತುರದ್ದು ನೆತ್ತಿಯಲ್ಲಿ ಉರಿ, ನೋವು, ಕೆಂಪು, ಕೀವು ಇದ್ದು ರಂಧ್ರಗಳೇ ಕಾಣದಂತೆ ಚರ್ಮ ಹೊಳೆಯುವುದು. ಅಲ್ಲಿ ಬುಡ ಗಾಯವಾಗಿ ಮುಚ್ಚಿಹೋಗುತ್ತದೆ, ಮುಚ್ಚಿದ್ದು ಮತ್ತೆ ಚಿಗುರುವುದಿಲ್ಲ.

ರಕ್ತಪರೀಕ್ಷೆಯಲ್ಲಿ ಇಲ್ಲಿ ಎರಡು ತಪ್ಪು ಸುಲಭವಾಗಿ ಆಗುತ್ತವೆ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಡೆಂಗಿಯಲ್ಲಿ ಬಹಳ ಏರುತ್ತದೆ. ಜ್ವರ ಬಿಟ್ಟ ಹೊಸದರಲ್ಲಿ ಮಾಡಿಸಿದ ಪರೀಕ್ಷೆ ಕೊರತೆಯಿದ್ದರೂ ಸರಿಯಾಗಿದೆ ಎನ್ನಬಹುದು. ಎರಡನೆಯದು, ಕೂದಲಿಗೆಂದು ಔಷಧಿ ಅಂಗಡಿಯಿಂದ ತಂದ ಬಯೋಟಿನ್ ಮಾತ್ರೆ. ಅದರ ಹೆಚ್ಚಿನ ಪ್ರಮಾಣ ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಟಿಎಸ್‌ಎಚ್ ಅಂಕಿಯನ್ನು ಸುಳ್ಳಾಗಿ ತಗ್ಗಿಸಿ, ಇಲ್ಲದ ಥೈರಾಯ್ಡ್ ಏರಿಕೆಯನ್ನು ತೋರಿಸುತ್ತದೆ ಅಥವಾ ಇರುವ ಇಳಿಕೆಯನ್ನು ಮುಚ್ಚುತ್ತದೆ. ಬಯೋಟಿನ್ ಕೊರತೆಯೇ ಅಪರೂಪವಾದ್ದರಿಂದ ಆ ಮಾತ್ರೆಯಿಂದ ಲಾಭವೂ ಕಡಿಮೆ. ನುಂಗುತ್ತಿದ್ದರೆ ರಕ್ತ ಕೊಡುವ ಮೊದಲು ವೈದ್ಯರಿಗೆ ತಿಳಿಸಿ, ಕನಿಷ್ಠ ಎರಡು ದಿನ ನಿಲ್ಲಿಸಬೇಕು.

ಹಾಗಾಗಿ ನವೆಂಬರಿನಲ್ಲಿ ಕೂದಲು ಉದುರುತ್ತದೆಂದು ಬಂದವರನ್ನು ವೈದ್ಯರು ಎಣ್ಣೆ, ನೀರು, ಶಾಂಪೂಗಳ ಬಗ್ಗೆ ಕೇಳುವ ಮುಂಚೆ ಆಗಸ್ಟಿನಲ್ಲಿ ಜ್ವರ ಬಂದಿತ್ತೇ ಎಂದು ಕೇಳಬೇಕು. ಜ್ವರವೂ ಬಂದಿರಲಿಲ್ಲ, ಹೆರಿಗೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಆಗಿರಲಿಲ್ಲ, ಕಟ್ಟುನಿಟ್ಟಿನ ಡಯಟ್ ಕೂಡ ಮಾಡಿರಲಿಲ್ಲ ಎಂದಾದರೆ ಮೈಸೂರಿನಲ್ಲಿ ‘ಸೀಸನಲ್’ ಎಂಬುದು ರೋಗನಿರ್ಣಯವಾಗದು. ತಪಾಸಣೆ ಅಲ್ಲಿಂದಲೇ ಶುರುವಾಗಬೇಕು.