ಕೊನೇ ಚರಣ ಬಿಡಬೇಡಿ

ಶ್ರಾವಣದಲ್ಲಿ ನಮ್ಮ ಕಡೆ ಮಳೆ ಹಿಡ್ಕಂಡ್ರೆ ಹೆಂಗಿರುತ್ತೆ ಅಂತ ನಿಮಗೆ ಹೇಳೋದೇನೂ ಬೇಡ. ತೋಟದ ಕೆಲಸ ನಿಂತಿರುತ್ತೆ, ಕರೆಂಟು ಹೋದ್ರೆ ಯಾವಾಗ ಬರುತ್ತೋ ಗೊತ್ತಿರಲ್ಲ. ಅದಕ್ಕೇ ನಮ್ಮನೇಲಿ ಶ್ರಾವಣ ಶನಿವಾರ ಸಂಜೆ ದೀಪ ಹಚ್ಚಿ ಎಲ್ಲರೂ ಕೂತ್ಕಂಡು ದಾಸರ ಪದ ಹಾಡೋದು ಹಿಂದಿನಿಂದ ಬಂದ ರೂಢಿ. ಈ ಸಲ ಪಕ್ಕದ ಮನೆ ಮಕ್ಕಳೂ ಸೇರಿ ಏಳು ಜನ ಹುಡುಗ್ರು ಆಗಿದ್ರು.

ಮಕ್ಕಳು ಬೇಗ ಬೇಜಾರು ಮಾಡ್ಕತಾರೆ ಅಂತ ನಾನು ಎರಡು ಮೂರು ವರ್ಷದಿಂದ ಒಂದು ಉಪಾಯ ಮಾಡಿದ್ದೆ. ಪ್ರತಿ ಹಾಡಲ್ಲೂ ಪಲ್ಲವಿ, ಅದಾದ ಮೇಲೆ ಮೊದಲನೇ ಚರಣ, ಅಷ್ಟಕ್ಕೇ ಮುಗಿಸಿ ಮುಂದಿನ ಹಾಡಿಗೆ ಹೋಗೋದು. ಅರ್ಧ ಗಂಟೇಲಿ ಹತ್ತು ಹಾಡು ಆಗ್ತಿತ್ತು. ಜಾಣೆ ಅಂತ ನನ್ನ ಬೆನ್ನು ನಾನೇ ತಟ್ಕಂಡಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ಈ ವರ್ಷದ ಎರಡನೇ ಶನಿವಾರ.

ಅವತ್ತು "ಕೃಷ್ಣಾ ನೀ ಬೇಗನೆ" ಹಾಡಿ ಮುಗಿಸಿದ್ವಿ. ಮೂರನೇ ಕ್ಲಾಸಿನ ನನ್ನ ಮಗಳು "ಅಮ್ಮ, ಇದನ್ನ ಬರ್ದಿದ್ದು ಯಾರು?" ಅಂದ್ಳು. "ಇನ್ಯಾರು, ಪುರಂದರದಾಸರು" ಅಂದೆ. ಮೂಲೇಲಿ ಗೋಡೆಗೆ ಒರಗಿ ಕೂತಿದ್ದ ದೊಡ್ಡತ್ತೆ, ಅಂದ್ರೆ ನಮ್ಮತ್ತೆಯ ಅಕ್ಕ, ನಕ್ಕುಬಿಟ್ರು. "ಅಯ್ಯೋ ಮಾರಾಯ್ತಿ, ಅದು ವ್ಯಾಸರಾಯರದ್ದು ಕಣೆ. ಕೊನೇ ಚರಣ ಹಾಡಿದ್ರೆ ತಾನೆ ನಿಂಗೆ ಗೊತ್ತಾಗೋದು! ತಲೆ ಕತ್ತರಿಸಿದ ಮೇಲೆ ಮುಖ ಗುರುತು ಸಿಗುತ್ತಾ?" ಅಂದ್ರು. ಮಕ್ಕಳ ಮುಂದೆ ನನಗೆ ಸ್ವಲ್ಪ ಮುಖ ಬಿಸಿ ಆಯ್ತು.

ವಿಷಯ ಏನಪ್ಪಾ ಅಂದ್ರೆ, ದಾಸರ ಪದದಲ್ಲಿ ಬರೆದೋರ ಗುರುತು ಇರೋದು ಕೊನೇ ಚರಣದಲ್ಲಿ. ಅದಕ್ಕೆ ಅಂಕಿತ ಅಂತಾರೆ. ದಾಸರು ತಮ್ಮ ಹೆಸರನ್ನ ನೇರವಾಗಿ ಹೇಳ್ಕಳಲ್ಲ, ತಾವು ನಂಬಿದ ದೇವರ ಒಂದು ಹೆಸರನ್ನ ಗುರುತಾಗಿ ಇಟ್ಕಂಡು, ಹಾಡು ಮುಗಿಯೋ ಹೊತ್ತಿಗೆ ಅದನ್ನ ತರ್ತಾರೆ. ಪುರಂದರದಾಸರದ್ದು ಪುರಂದರವಿಠಲ. ಕನಕದಾಸರದ್ದು ಕಾಗಿನೆಲೆಯ ಆದಿಕೇಶವ. ಸೋದೆಯ ವಾದಿರಾಜರದ್ದು ಹಯವದನ. ಮುಳಬಾಗಿಲಿನ ಶ್ರೀಪಾದರಾಜರದ್ದು ರಂಗವಿಠಲ. ಇವೆಲ್ಲ ಕಿವಿಗೆ ಬಿದ್ದ ಕೂಡಲೇ ಗೊತ್ತಾಗುತ್ತೆ. ಆದ್ರೆ ವ್ಯಾಸರಾಯರ ಅಂಕಿತ ಬರೀ ಶ್ರೀಕೃಷ್ಣ. ಕೃಷ್ಣನ ಮೇಲಿನ ಹಾಡಲ್ಲಿ ಕೊನೆಗೆ ಉಡುಪಿಯ ಕೃಷ್ಣ ಬಂದ್ರೆ ಅದು ದೇವರ ಹೆಸರು ಅಂತ ನಾವು ಮುಂದೆ ಹೋಗ್ತೀವೇ ಹೊರತು, ಅದೇ ಬರೆದೋರ ಗುರುತು ಅಂತ ಹೊಳೆಯಲ್ಲ. ನಾನೋ ಆ ಚರಣವನ್ನೇ ಹಾರಿಸಿದ್ದೆ. ಇನ್ನೆಲ್ಲಿ ಗೊತ್ತಾಗ್ಬೇಕು?

ವ್ಯಾಸರಾಯರು ಹುಟ್ಟಿದ್ದು ಮೈಸೂರು ಕಡೆಯ ಬನ್ನೂರಲ್ಲಿ. ಚನ್ನಪಟ್ಟಣದ ಹತ್ತಿರ ಅಬ್ಬೂರಿನ ಬ್ರಹ್ಮಣ್ಯತೀರ್ಥರ ಹತ್ರ ಸನ್ಯಾಸ ತಗಂಡು, ಮುಳಬಾಗಿಲಿನ ಶ್ರೀಪಾದರಾಜರ ಹತ್ರ ಓದಿ, ಆಮೇಲೆ ವಿಜಯನಗರಕ್ಕೆ ಹೋದ್ರು. ಕೃಷ್ಣದೇವರಾಯನ ಕಾಲ ಅದು. ದೊಡ್ಡ ಸಂಸ್ಕೃತ ಪಂಡಿತರು, ತರ್ಕದ ಗ್ರಂಥ ಬರೆದೋರು. ಅಂಥೋರು ಮಕ್ಕಳಿಗೂ ತಿಳಿಯೋ ಕನ್ನಡದಲ್ಲಿ ಕೃಷ್ಣನ್ನ ಕರೆದು ಹಾಡು ಕಟ್ಟಿದ್ರು. ಅವರು ತೀರ್ಕಂಡಿದ್ದು 1539ರಲ್ಲಿ. ಆನೆಗೊಂದಿ ಹತ್ರ ತುಂಗಭದ್ರೆಯ ನಡುವಿನ ನವಬೃಂದಾವನದಲ್ಲಿ ಅವರ ಬೃಂದಾವನ ಇದೆ. ಪುರಂದರದಾಸರು ಇವರ ಶಿಷ್ಯರು. ಗುರುಗಳ ಹಾಡನ್ನ ನಾನು ಶಿಷ್ಯರ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ ಅಂದಂಗಾಯ್ತು.

ಅಂಕಿತ ಯಾಕೆ ಇಷ್ಟು ಮುಖ್ಯ ಅಂತ ದೊಡ್ಡತ್ತೆ ಮಾತಿನ ಮೇಲೆ ಯೋಚನೆ ಮಾಡಿದಾಗ ನನಗೆ ಅರ್ಥವಾಯ್ತು. ಮುನ್ನೂರು ವರ್ಷ ಈ ಹಾಡುಗಳು ಉಳಿದಿದ್ದು ಬಹುಮಟ್ಟಿಗೆ ಬಾಯಲ್ಲಿ. ತಂಬೂರಿ ಹಿಡಿದು ಬಂದ ದಾಸರ ಬಾಯಲ್ಲಿ, ಬೀಸೋ ಕಲ್ಲಿನ ಮುಂದೆ ಕೂತ ಹೆಂಗಸರ ಬಾಯಲ್ಲಿ. ಪುಸ್ತಕಕ್ಕಾದ್ರೆ ಮೇಲೆ ರಟ್ಟು ಇರುತ್ತೆ, ಬರೆದೋರ ಹೆಸರಿರುತ್ತೆ. ಬಾಯಿಂದ ಬಾಯಿಗೆ ಹೋಗೋ ಹಾಡಿಗೆ ಆ ರಟ್ಟೇ ಅಂಕಿತ. ಅದನ್ನ ಹಾಡಿನ ಒಳಗೇ, ಪ್ರಾಸ ತಾಳದ ಜೊತೆ ಹೆಣೆದಿಟ್ಟಿದ್ದರಿಂದ ಹಾಡು ಎಲ್ಲಿಗೆ ಹೋದ್ರೂ ಹೆಸರೂ ಜೊತೇಲೇ ಹೋಯ್ತು.

ಈ ಪದಗಳನ್ನ ಒಟ್ಟು ಮಾಡಿ ಮೊದಲು ಅಚ್ಚು ಹಾಕಿಸಿದೋರು ಯಾರು ಗೊತ್ತಾ? ಘಾಟಿ ಇಳಿದ್ರೆ ಸಿಗೋ ನಮ್ಮ ಮಂಗಳೂರಲ್ಲಿ, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್, 1850ರ ಹೊತ್ತಿಗೆ. ಆಮೇಲೆ ನಮ್ಮ ಜಿಲ್ಲೆಯವರೇ ಆದ ಹರಿಕಥೆಯ ಬೇಲೂರು ಕೇಶವದಾಸರು "ಕರ್ನಾಟಕ ಭಕ್ತವಿಜಯ" ಅಂತ ದಾಸರ ಚರಿತ್ರೆಯನ್ನೇ ಬರೆದ್ರು. ಇಂಥ ಕೆಲಸ ಮಾಡಿದೋರಿಗೆಲ್ಲ ಯಾವ ಹಾಡು ಯಾರದ್ದು ಅಂತ ವಿಂಗಡಿಸೋಕೆ ಮೊದಲು ಸಿಕ್ಕಿದ್ದು ಅಂಕಿತವೇ. ಕೊನೇ ಚರಣ ಮರೆತು ಹೋಗಿದ್ದ ಹಾಡು ಯಾರ ಹೆಸರಿಗೂ ಸೇರದೆ ಅನಾಥ ಆಗ್ತಿತ್ತು.

ಹೆಂಗಸರ ಹಾಡಿಗಂತೂ ಇದು ಇನ್ನೂ ನಿಜ. ಹೆಳವನಕಟ್ಟೆ ಗಿರಿಯಮ್ಮನ ಹೆಸರು ಕೇಳಿದೀರಾ? ಹದಿನೆಂಟನೇ ಶತಮಾನದೋರು, ರಾಣೆಬೆನ್ನೂರು ಕಡೆಯೋರು. ಮಲೇಬೆನ್ನೂರಿನ ಹತ್ತಿರದ ಹೆಳವನಕಟ್ಟೆ ರಂಗನ ಭಕ್ತೆ. ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಕನ ಕಥೆ ಎಲ್ಲ ಹಾಡಲ್ಲಿ ಕಟ್ಟಿದಾಕೆ. ಅವುಗಳನ್ನ ಕಾಪಾಡಿದ್ದೂ ಹೆಂಗಸರೇ. ಹೆಳವನಕಟ್ಟೆ ರಂಗ ಅನ್ನೋ ಅಂಕಿತ ಅವರ ಹಾಡಿಗೆ ಅಂಟಿಕೊಂಡು ಇರದೇ ಹೋಗಿದ್ರೆ, ಅದನ್ನ ಕಟ್ಟಿದ್ದು ಒಬ್ಬ ಹೆಂಗಸು ಅನ್ನೋದೇ ನಮಗೆ ತಿಳೀತಿರಲಿಲ್ಲ.

ಹಂಗಂತ ಅಂಕಿತ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬೋ ಹಂಗೂ ಇಲ್ಲ. ಯಾರದ್ದು ಅಂತ ಮರೆತ ಹಾಡಿಗೆ ಪುರಂದರವಿಠಲ ಅಂತ ಸೇರಿಸಿ ಹಾಡಿದ್ದೂ ಉಂಟು. ಆದ್ರೂ ಇರೋ ಗುರುತನ್ನ ನಾವೇ ಕೈಯಾರೆ ಅಳಿಸೋದು ಬೇರೆ ಮಾತು.

ಈಗ ಕೇಳ್ತೀರಿ, ಮಕ್ಕಳಿಗೆ ಪೂರ್ತಿ ಹಾಡೋಕೆ ಆಗಲ್ವಲ್ಲ, ಏನು ಮಾಡೋದು ಅಂತ. ನಾವು ಮಾಡ್ಕಂಡಿದ್ದು ಹೀಗೆ. ಹತ್ತು ಹಾಡಿನ ಬದಲು ಐದೇ ಹಾಡು. ಕಡಿಮೆ ಮಾಡಬೇಕು ಅಂದ್ರೆ ನಡುವಿನ ಚರಣ ಬಿಡೋದು, ಕೊನೇದನ್ನಲ್ಲ. ಚರಣ ಹಾಡೋದು ದೊಡ್ಡೋರು. ಪಲ್ಲವಿ ಮಕ್ಕಳದ್ದು. ದಾಸರ ಪದದ ಕಟ್ಟೇ ಹಾಗಿದೆ ನೋಡಿ, ಪ್ರತಿ ಚರಣ ಮುಗಿದಾಗಲೂ ಪಲ್ಲವಿ ವಾಪಸ್ ಬರುತ್ತೆ. ಬೀದೀಲಿ ಹಾಡೋ ಹಾಡಿಗೆ ಓದು ಬರದೋರೂ ದನಿ ಸೇರಿಸಬಹುದಿತ್ತು ಅಂದ್ರೆ ಅದರಿಂದಲೇ. ನಾಲ್ಕು ವರ್ಷದ ಮಗುವೂ ಮೂರನೇ ಸಲಕ್ಕೆ ಪಲ್ಲವಿ ಕಲಿತಿರುತ್ತೆ. ಕೊನೇ ಚರಣದಲ್ಲಿ ಅಂಕಿತ ಬಂದ ಕೂಡಲೇ ಗುರುತು ಹಿಡಿದೋರು ಕೈ ಎತ್ತಬೇಕು. ಹಾಡು ಮುಗಿದ ಮೇಲೆ ಬರೆದೋರ ಹೆಸರು ಹೇಳಬೇಕು. ಈ ಆಟ ಶುರುವಾದ ಮೇಲೆ ಹುಡುಗ್ರು ಕೊನೇ ಚರಣಕ್ಕೆ ಕಿವಿ ನೆಟ್ಟುಕೊಂಡು ಕೂತಿರ್ತವೆ.

"ಕೃಷ್ಣಾ ನೀ ಬೇಗನೆ" ಹಾಡಲ್ಲಿ ಇನ್ನೊಂದು ಫಜೀತಿ ಆಗ್ತಿತ್ತು. ಮಕ್ಕಳು ಚಪ್ಪಾಳೆ ಹಾಕಿದ್ರೆ ಎರಡನೇ ಸಾಲಿಗೇ ಹಾಡೇ ಒಂದು ಕಡೆ, ಚಪ್ಪಾಳೆಯೇ ಒಂದು ಕಡೆ. ಮಕ್ಕಳಿಗೆ ತಾಳ ಇಲ್ಲ ಅಂತ ಬೈತಿದ್ದೆ. ತಪ್ಪು ಅವರದ್ದಲ್ಲ. ಈ ಹಾಡನ್ನ ಈಗ ಸಾಮಾನ್ಯವಾಗಿ ಹಾಡೋದು ಯಮುನಾಕಲ್ಯಾಣಿ ರಾಗದಲ್ಲಿ, ಮಿಶ್ರಛಾಪು ತಾಳದಲ್ಲಿ. ಅದಕ್ಕೆ ಏಳು ಎಣಿಕೆ. ಮಕ್ಕಳು ಭಜನೆ ಅಭ್ಯಾಸದಲ್ಲಿ ಎಂಟು ಎಣಿಸಿ ತಟ್ತಿದ್ವು, ಪ್ರತಿ ಸುತ್ತಲ್ಲೂ ಒಂದೊಂದು ಹೆಚ್ಚಾಗ್ತಿತ್ತು. ದೊಡ್ಡತ್ತೆ ಹೇಳಿಕೊಟ್ಟ ಲೆಕ್ಕ ಸುಲಭದ್ದು. "ಒಂದು ಎರಡು ಮೂರು, ಒಂದು ಎರಡು, ಒಂದು ಎರಡು" ಅಂತ ಬಾಯಲ್ಲಿ ಹೇಳ್ತಾ ಪ್ರತಿ "ಒಂದು" ಬಂದಾಗ ಮಾತ್ರ ತಟ್ಟಬೇಕು. ಸುತ್ತಿಗೆ ಮೂರೇ ಚಪ್ಪಾಳೆ. ಮೊದಲನೇದಾದ ಮೇಲೆ ಸ್ವಲ್ಪ ತಡ, ಉಳಿದ ಎರಡು ಹತ್ತಿರ ಹತ್ತಿರ. ಒಂದು ಶನಿವಾರ ಬರೀ ಚಪ್ಪಾಳೆ ಹಾಕಿಸಿ, ಮುಂದಿನ ಶನಿವಾರ ಹಾಡು ಸೇರಿಸಿದ್ವಿ. ಕೂಡಿತು.

ರಾಗ ಬೇರೆ ಆದ್ರೆ ತಪ್ಪಾಗುತ್ತೆ ಅಂತಲೂ ಹೆದರಬೇಡಿ. ಆ ದಾಸರ ಕಾಲದ ಧಾಟಿಯನ್ನ ಸ್ವರ ಹಾಕಿ ಬರೆದಿಟ್ಟಿದ್ದು ನಮಗೆ ಬಂದಿಲ್ಲ. ಮಾತು ಉಳೀತು, ಧಾಟಿಯನ್ನ ಆಮೇಲಿನೋರು ಕೂರಿಸಿದ್ರು. ಒಂದೇ ಪದ ಒಂದೊಂದು ಮನೇಲಿ ಒಂದೊಂದು ಥರ ಇರೋದು ಅದಕ್ಕೇ. ನಿಮ್ಮಮ್ಮ ಹಾಡ್ತಿದ್ದ ಧಾಟಿ ಇದ್ರೆ ಅದನ್ನೇ ಹಾಡಿ. ಶ್ರುತಿ ಮಾತ್ರ ಮಕ್ಕಳಿಗೆ ನೋಡಿ ಹಿಡೀರಿ. ವಯಸ್ಸಾದೋರ ದನಿ ಕೆಳಗೆ ಇಳಿದಿರುತ್ತೆ. ಅಲ್ಲಿಂದ ಶುರು ಮಾಡಿದ್ರೆ ಕೆಳಗಿನ ಸ್ವರ ಬಂದಾಗ ಮಕ್ಕಳ ದನಿಯೇ ಕೇಳಲ್ಲ, ಬರೀ ತುಟಿ ಆಡ್ತಿರುತ್ತೆ. ಹಂಗಾದ್ರೆ ಒಂದೆರಡು ಸ್ವರ ಏರಿಸಿ ಮತ್ತೆ ಹಿಡಿದ್ರಾಯ್ತು.

ಶ್ರಾವಣ ಮುಗಿಯೋದ್ರೊಳಗೆ ದೊಡ್ಡತ್ತೆ ಪಕ್ಕ ನೋಟ್‌ಬುಕ್ ಇಟ್ಕಂಡು ಕೂತೆ. ಅವರಿಗೆ ಎಂಬತ್ತೆರಡು. ಇಪ್ಪತ್ತಾರು ಹಾಡು ಬರೆಸಿದ್ರು. ಇಪ್ಪತ್ತೆರಡಕ್ಕೆ ಅಂಕಿತ ಸಿಕ್ತು. ನಾಲ್ಕು ಹಾಡಿಗೆ ಪಲ್ಲವಿ ಇದೆ, ಚರಣ ಇದೆ, ಕೊನೇದು ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತ್ರೂ ಬರಲಿಲ್ಲ. "ನಮ್ಮವ್ವ ಹಾಡ್ತಿದ್ಲು, ನಾನು ಒಲೆ ಮುಂದೆ ಎದ್ದು ಹೋಗ್ತಿದ್ದೆ" ಅಂದ್ರು. ಆ ನಾಲ್ಕರ ಕೆಳಗೆ ಮೂರು ಮೂರು ಗೆರೆ ಜಾಗ ಬಿಟ್ಟಿದೀನಿ.

ನಿಮ್ಮ ಮನೇಲೂ ಹಿರಿಯೋರು ಇದ್ರೆ ಹಾಡು ಬರ್ಕಳೋವಾಗ ಕೊನೇ ಚರಣ ಮೊದಲು ಕೇಳಿ ಬರ್ಕಳಿ. ಪಲ್ಲವಿ ಹೆಂಗೂ ನಮಗೆಲ್ಲ ಬರುತ್ತೆ. ಮುಂದಿನ ಶನಿವಾರ ಬಂದೋರು ಆ ಬಿಟ್ಟ ಜಾಗ ಒಂದ್ಸಲ ನೋಡಿ. ನಿಮ್ಮಲ್ಲಿ ಯಾರಿಗಾದ್ರೂ ನೆನಪಿರಬಹುದು.