ಕ್ಲಿನಿಕ್, ಸೆಲೂನ್, ಗ್ಯಾರೇಜುಗಳಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್: ಮಾಡಿಕೊಳ್ಳುವ ಕ್ರಮ

ಸ್ವಂತ ಉದ್ಯೋಗ ನಡೆಸುತ್ತಿರುವ ಬಾಂಧವರ ಹಾಗೂ ಅವರಿಗೆ ನೆರವಾಗುವ ಯುವಜನರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ. ಗೂಗಲ್ ಮ್ಯಾಪಿನಲ್ಲಿ ಒಂದು ಅಂಗಡಿಯನ್ನು ಹುಡುಕಿದಾಗ ಅದರ ಹೆಸರು, ಫೋನ್ ನಂಬ್ರ, ತೆರೆದಿರುವ ಸಮಯ, ಫೋಟೋ ಮತ್ತು ಗಿರಾಕಿಗಳ ಅಭಿಪ್ರಾಯ ಒಟ್ಟಿಗೆ ಕಾಣಿಸುತ್ತವಲ್ಲವೇ, ಅದನ್ನೇ ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. ಮೊದಲು ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. 2021ರ ನವೆಂಬರಿನಲ್ಲಿ ಹೆಸರು ಬದಲಾಯಿತು, 2022ರಲ್ಲಿ ಅದರ ಪ್ರತ್ಯೇಕ ಆ್ಯಪ್ ಕೂಡ ನಿಂತಿತು. ಆದುದರಿಂದ ಆ ಆ್ಯಪ್ ಹಾಕಿಕೊಳ್ಳಿ ಎಂದು ಹೇಳುವ ಹಳೆಯ ವೀಡಿಯೊಗಳನ್ನು ನೋಡಿ ಸಮಯ ಕಳೆಯಬೇಕಾಗಿಲ್ಲ. ಈಗ ಎಲ್ಲ ಕೆಲಸವೂ `business.google.com` ಅಥವಾ ಮೊಬೈಲಿನ ಗೂಗಲ್ ಮ್ಯಾಪಿನಿಂದಲೇ ಆಗುತ್ತದೆ.

ಇದು ಪೂರ್ಣ ಉಚಿತ. "ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪಿನಿಂದ ಹೋಗುತ್ತದೆ" ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸವೆಂದು ತಿಳಿಯಿರಿ. ಹಣ ಕೊಟ್ಟು ಮ್ಯಾಪಿನ ಸಾಮಾನ್ಯ ಪಟ್ಟಿಯಲ್ಲಿ ಮೇಲಿನ ಸ್ಥಾನ ಪಡೆಯುವ ವ್ಯವಸ್ಥೆಯೂ ಇಲ್ಲ. ಹಣ ಕೊಟ್ಟು ಹಾಕಿಸುವ ಜಾಹೀರಾತು ಬೇರೆ.

ವಿಷಯ ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿ ದ್ವಿಚಕ್ರ ವಾಹನ ರಿಪೇರಿಯ ಗ್ಯಾರೇಜು ಇದೆ ಎಂದುಕೊಳ್ಳಿ. ಊರಿನವರಿಗೆಲ್ಲ ಗೊತ್ತು. ಆದರೆ ದಾರಿಯಲ್ಲಿ ಸ್ಕೂಟರ್ ಕೆಟ್ಟು ನಿಂತ ಪರವೂರಿನವನಿಗೆ ಗೊತ್ತಿಲ್ಲ. ಅವನು ಮೊಬೈಲಿನಲ್ಲಿ ಹುಡುಕಿದಾಗ ಗೂಗಲ್ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ: ಅವನು ಕೇಳಿದ ಕೆಲಸ ಈ ಅಂಗಡಿಯಲ್ಲಿ ಆಗುತ್ತದೆಯೇ, ಅಂಗಡಿ ಅವನಿಂದ ಎಷ್ಟು ದೂರ, ಅದು ಎಷ್ಟು ಪರಿಚಿತವಾಗಿದೆ. ದೂರವನ್ನು ನಾವು ಬದಲಿಸಲಾರೆವು. ಉಳಿದೆರಡು ನಮ್ಮ ಕೈಯಲ್ಲಿವೆ.

ಮೊದಲು ಹುಡುಕಿ, ಆಮೇಲೆ ಮಾಡಿ

ಹೊಸ ಪ್ರೊಫೈಲ್ ಮಾಡುವ ಮುನ್ನ ಮ್ಯಾಪಿನಲ್ಲಿ ನಿಮ್ಮ ಅಂಗಡಿಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ ನೋಡಿ. ಯಾರೋ ಗಿರಾಕಿ ಅದನ್ನು ಈಗಾಗಲೇ ಸೇರಿಸಿರಬಹುದು. ಹಾಗಿದ್ದರೆ ಅಲ್ಲಿಯೇ ಕಾಣುವ `Claim this business` ಒತ್ತಿ ಅದನ್ನು ನಿಮ್ಮದಾಗಿಸಿಕೊಳ್ಳಬೇಕು. ಒಂದೇ ಅಂಗಡಿಗೆ ಎರಡು ಪ್ರೊಫೈಲ್ ಆದರೆ ಅಭಿಪ್ರಾಯಗಳು ಎರಡು ಕಡೆ ಹಂಚಿಹೋಗುತ್ತವೆ, ಒಂದರಲ್ಲಿ ಹಳೆಯ ಫೋನ್ ನಂಬ್ರ ಉಳಿದು ಗಿರಾಕಿ ದಾರಿ ತಪ್ಪುತ್ತಾನೆ.

ನಮ್ಮ ಕಡೆ ಹೆಚ್ಚಾಗಿ ಕಾಣುವ ತೊಂದರೆ ಬೇರೆಯೇ. ಅಕ್ಕನ ಮಗನೋ ಅಂಗಡಿಯ ಹುಡುಗನೋ ತನ್ನ ಸ್ವಂತ ಜಿಮೇಲ್‌ನಿಂದ ಪ್ರೊಫೈಲ್ ಮಾಡಿಕೊಟ್ಟಿರುತ್ತಾನೆ. ಎರಡು ವರ್ಷದ ನಂತರ ಆತ ದುಬೈಗೋ ಕುವೈಟಿಗೋ ಹೋಗುತ್ತಾನೆ, ಹಳೆಯ ಸಿಮ್ ಬಿಡುತ್ತಾನೆ, ಪಾಸ್‌ವರ್ಡ್ ಮರೆಯುತ್ತಾನೆ. ಇತ್ತ ಅಂಗಡಿ ಸ್ಥಳ ಬದಲಾಗಿರುತ್ತದೆ, ಮ್ಯಾಪ್ ಮಾತ್ರ ಹಳೆಯ ಬಾಗಿಲನ್ನೇ ತೋರಿಸುತ್ತಿರುತ್ತದೆ. ಇಂತಹ ಪ್ರೊಫೈಲನ್ನು ಪಡೆಯಲು ಹೋದಾಗ ಅದು ಬೇರೊಬ್ಬರ ಹೆಸರಿನಲ್ಲಿದೆ ಎಂಬ ಸೂಚನೆ ಬರುತ್ತದೆ, ಅವರ ಇಮೇಲಿನ ಕೆಲವೇ ಅಕ್ಷರಗಳು ಕಾಣುತ್ತವೆ. `Request access` ಒತ್ತಿ ಕೋರಿಕೆ ಕಳುಹಿಸಬೇಕು. ಈಗಿನ ಮಾಲೀಕನಿಗೆ ಉತ್ತರಿಸಲು 3 ದಿನ ಇರುತ್ತದೆ. ಉತ್ತರ ಬಾರದಿದ್ದರೆ ದೃಢೀಕರಣ ಮಾಡಿ ನೀವೇ ಪಡೆಯುವ ಅವಕಾಶ ಸಿಗಬಹುದು, ಸಿಗದೆಯೂ ಇರಬಹುದು. ಹುಡುಗನಿಗೆ ಒಂದು ವಾಟ್ಸ್ಆ್ಯಪ್ ಕರೆ ಮಾಡಿ "ಇಮೇಲ್ ತೆರೆದು ನೋಡು ಮಾರಾಯ" ಎಂದು ಹೇಳುವುದೇ ಇದಕ್ಕಿಂತ ವೇಗದ ದಾರಿ.

ಆದುದರಿಂದ ಅಂಗಡಿಯ ಮಾಲೀಕರ ಸ್ವಂತ ಗೂಗಲ್ ಖಾತೆಯಿಂದ, ಅವರದೇ ಮೊಬೈಲಿನಲ್ಲಿ ಪ್ರಾರಂಭಿಸಿ. ಸಹಾಯ ಮಾಡುವವರನ್ನು ನಂತರ ಸೇರಿಸಿಕೊಳ್ಳಬಹುದು.

ಹೆಸರು, ವರ್ಗ ಮತ್ತು ಪಿನ್

ಅಂಗಡಿಯ ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರನ್ನು ಬರೆಯಿರಿ. ಹೆಸರಿನ ಜೊತೆ "ಶಿರ್ವದ ಉತ್ತಮ ಬೈಕ್ ರಿಪೇರಿ" ಎಂದು ಜೋಡಿಸಿದರೆ ಹೆಚ್ಚು ಜನ ನೋಡುತ್ತಾರೆ ಎಂದು ಕೆಲವು ಏಜೆಂಟರು ಹೇಳುತ್ತಾರೆ. ಇದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು. ಏನು ಕೆಲಸ ಎಂದು ಹೇಳಲು ವರ್ಗ ಎಂಬ ಬೇರೆ ಜಾಗವಿದೆ. ಅಲ್ಲಿ ಮುಖ್ಯ ವರ್ಗ ಒಂದು, ಹೆಚ್ಚುವರಿಯಾಗಿ 9ರವರೆಗೆ ಸೇರಿಸಬಹುದು. ನಮ್ಮ ಗ್ಯಾರೇಜಿಗೆ ಮುಖ್ಯ ವರ್ಗ `Motorcycle repair shop`. ಸಾಮಾನ್ಯವಾಗಿ ಅದೊಂದೇ ಸಾಕು. ದಂತ ವೈದ್ಯರು `Dental clinic` ಎಂದೂ ಬ್ಯೂಟಿ ಪಾರ್ಲರಿನವರು `Beauty salon` ಎಂದೂ ಆರಿಸಬಹುದು. ಅಂಗಡಿಯಿಲ್ಲದೆ ಮದುಮಗಳ ಮನೆಗೇ ಹೋಗಿ ಅಲಂಕಾರ ಮಾಡುವವರು ತಮ್ಮ ಮನೆಯ ವಿಳಾಸ ತೋರಿಸುವಂತಿಲ್ಲ. ಅವರು ಯಾವ ಯಾವ ಊರುಗಳಿಗೆ ಹೋಗುತ್ತಾರೆ ಎಂಬುದನ್ನು ಮಾತ್ರ ನಮೂದಿಸಬೇಕು.

ವಿಳಾಸದ ವಿಚಾರದಲ್ಲಿ ನಮ್ಮ ಊರುಗಳಲ್ಲಿ ವಿಶೇಷ ಎಚ್ಚರ ಬೇಕು. ಪಂಚಾಯತ್‌ನ ಕಟ್ಟಡ ನಂಬ್ರ ಬರೆದರೆ ಮ್ಯಾಪಿಗೆ ಅದು ಅರ್ಥವಾಗುವುದು ಅಪರೂಪ. ಅದು ಪಿನ್ನನ್ನು ಪೇಟೆಯ ನಡುವೆಯೋ ಅಂಚೆ ಕಚೇರಿಯ ಹತ್ತಿರವೋ ನೆಟ್ಟುಬಿಡುತ್ತದೆ. ವಿಳಾಸ ಬರೆದ ಬಳಿಕ ಉಪಗ್ರಹ ಚಿತ್ರಕ್ಕೆ ಹೋಗಿ, ನಿಮ್ಮ ಮಾಡನ್ನು ಗುರುತಿಸಿ, ಪಿನ್ನನ್ನು ಬೆರಳಿನಿಂದ ಎಳೆದು ಅಲ್ಲಿಯೇ ಇಡಿ. ತೋಟದ ನಡುವಿನ ಕಟ್ಟಡವಾದರೆ ಬಾಗಿಲು ಯಾವ ರಸ್ತೆಯ ಕಡೆಗಿದೆ ಎಂದೂ ನೋಡಿ, ಇಲ್ಲದಿದ್ದರೆ ಮ್ಯಾಪ್ ಗಿರಾಕಿಯನ್ನು ಹಿಂದಿನ ಓಣಿಗೆ ಕರೆತಂದು ಕಾಂಪೌಂಡ್ ಗೋಡೆಯ ಮುಂದೆ ನಿಲ್ಲಿಸುತ್ತದೆ. ಸರಿಯಾಗಿದೆಯೇ ಎಂದು ತಿಳಿಯಬೇಕಾದರೆ ಜಾಗ ಗೊತ್ತಿಲ್ಲದ ಒಬ್ಬರಿಗೆ ಬಸ್ ನಿಲ್ದಾಣದಿಂದ ಮ್ಯಾಪ್ ಹೇಳಿದಂತೆಯೇ ಬರಲು ಹೇಳಿ.

ಸಮಯ ಬರೆಯುವಾಗ ಮಧ್ಯಾಹ್ನ ಊಟಕ್ಕೆ ಮುಚ್ಚುವವರು 9ರಿಂದ 1, 3ರಿಂದ 7 ಎಂದು ಎರಡು ಭಾಗ ಮಾಡಿ ಹಾಕಬಹುದು. ಸೆಪ್ಟೆಂಬರ್ 8ರ ತೆನೆಹಬ್ಬ, ಶುಭ ಶುಕ್ರವಾರದಂತಹ ದಿನಗಳಿಗೆ ವಿಶೇಷ ಸಮಯವನ್ನು ಮುಂಚಿತವಾಗಿ ಹಾಕಿಡುವ ಸೌಲಭ್ಯವಿದೆ. ಮುಚ್ಚಿದ ಬಾಗಿಲಿಗೆ ಬಂದವನೇ ಹೆಚ್ಚಾಗಿ ಒಂದು ನಕ್ಷತ್ರ ಕೊಡುವವನು.

ವೀಡಿಯೊ ದೃಢೀಕರಣ

ಇಷ್ಟು ತುಂಬಿದ ಮೇಲೆ ಅಂಗಡಿ ನಿಜವಾಗಿಯೂ ನಿಮ್ಮದೇ ಎಂದು ತೋರಿಸಬೇಕು. ಯಾವ ವಿಧಾನ ಎಂಬುದನ್ನು ಗೂಗಲ್ ನಿರ್ಧರಿಸುತ್ತದೆ. ಕೆಲವರಿಗೆ ಫೋನ್ ಅಥವಾ ಇಮೇಲ್, ಕೆಲವರಿಗೆ ಅಂಚೆ ಕಾರ್ಡ್ ಬರುವುದುಂಟು. ಈಗ ಹೆಚ್ಚಿನವರಿಗೆ ವೀಡಿಯೊ ಕೇಳುತ್ತದೆ, ಹಲವರು ಸೋಲುವುದೂ ಇಲ್ಲಿಯೇ.

ವೀಡಿಯೊ ಕನಿಷ್ಠ 30 ಸೆಕೆಂಡ್ ಇರಬೇಕು, ನಡುವೆ ನಿಲ್ಲಿಸಬಾರದು, ಕತ್ತರಿಸಿ ಜೋಡಿಸಬಾರದು. ಅದರಲ್ಲಿ ಮೂರು ವಿಷಯ ಕಾಣಬೇಕು: ಸ್ಥಳ, ಉದ್ಯೋಗ, ನಿಮ್ಮ ಅಧಿಕಾರ. ನಮ್ಮ ಗ್ಯಾರೇಜಿನವರು ಹೀಗೆ ಮಾಡಬಹುದು. ಬೆಳಿಗ್ಗೆ ಶಟರ್ ತೆರೆಯುವ ಮುನ್ನ ಮುಖ್ಯರಸ್ತೆಯಲ್ಲಿ ನಿಂತು ರೆಕಾರ್ಡಿಂಗ್ ಪ್ರಾರಂಭಿಸಿ, ಊರಿನ ಹೆಸರಿರುವ ಫಲಕ ಮತ್ತು ನೆರೆಯ ಅಂಗಡಿಯ ಬೋರ್ಡು ತೋರಿಸಬೇಕು. ಓಣಿಯಲ್ಲಿ ನಡೆದು ಬಂದು ತಮ್ಮ ಬೋರ್ಡನ್ನು ಅಕ್ಷರ ಓದುವಷ್ಟು ಹತ್ತಿರದಿಂದ ತೋರಿಸಬೇಕು. ಆಮೇಲೆ ತಮ್ಮ ಕೀಲಿಕೈಯಿಂದ ಬೀಗ ತೆರೆದು ಒಳಹೋಗಿ, ಕಂಪ್ರೆಸರ್, ಸ್ಪಾನರ್‌ಗಳು, ರಿಪೇರಿಗೆ ನಿಂತ ವಾಹನ, ಕೊನೆಗೆ ಗೋಡೆಯ ಮೇಲಿನ ಪಂಚಾಯತ್ ಪರವಾನಿಗೆಯನ್ನು ತೋರಿಸಬೇಕು. ಬೀಗ ತೆರೆಯುವುದು ಚಿಕ್ಕ ಸಂಗತಿಯಾಗಿ ಕಂಡರೂ ಅಧಿಕಾರಕ್ಕೆ ಅದೇ ಸ್ಪಷ್ಟ ಸಾಕ್ಷಿ. ಯಾರ ಮುಖವೂ ಬೇಡ. ಕ್ಲಿನಿಕ್ ಆದರೆ ರೋಗಿಗಳಿಲ್ಲದ ಸಮಯವನ್ನೇ ಆರಿಸಿ. ಬ್ಯಾಂಕ್ ಖಾತೆ, ಆಧಾರ್ ಇತ್ಯಾದಿ ಕಾಣದಂತೆ ಜಾಗ್ರತೆ ವಹಿಸಿ.

ಪರಿಶೀಲನೆಗೆ 5 ಕೆಲಸದ ದಿನಗಳವರೆಗೆ ಬೇಕಾಗಬಹುದು. ತಿರಸ್ಕೃತವಾದರೆ ಮೊದಲು ನೋಡಬೇಕಾದದ್ದು ಬೋರ್ಡು. ಬೋರ್ಡೇ ಇಲ್ಲದಿರುವುದು, ಬೋರ್ಡಿನಲ್ಲಿ ಒಂದು ಹೆಸರು ಪ್ರೊಫೈಲಿನಲ್ಲಿ ಇನ್ನೊಂದು ಇರುವುದು, ಇವೇ ಸಾಮಾನ್ಯ ಕಾರಣಗಳು. ಸರಿಪಡಿಸಿ ಮತ್ತೆ ಕಳುಹಿಸಬಹುದು. ದೃಢೀಕರಣದ ಸಂಖ್ಯೆ ಫೋನಿಗೆ ಬಂದಿದ್ದರೆ ಅದನ್ನು ಯಾರಿಗೂ ಹೇಳಬಾರದು, ಅದನ್ನು ಪಡೆದವನು ನಿಮ್ಮ ಅಂಗಡಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಬಲ್ಲ.

ಗಿರಾಕಿಗಳ ಅಭಿಪ್ರಾಯ

ಪ್ರೊಫೈಲಿನಲ್ಲಿ `Ask for reviews` ಒತ್ತಿದರೆ ಒಂದು ಲಿಂಕ್ ಹಾಗೂ ಕ್ಯೂಆರ್ ಕೋಡ್ ಸಿಗುತ್ತದೆ. ವಾಹನ ಹಿಂತಿರುಗಿಸಿದ ದಿನ ಸಂಜೆ ಗಿರಾಕಿಗೆ ವಾಟ್ಸ್ಆ್ಯಪ್‌ನಲ್ಲಿ ಆ ಲಿಂಕ್ ಕಳುಹಿಸಿ, "ನಮ್ಮ ಕೆಲಸದ ಬಗ್ಗೆ ನಿಮಗೆ ಅನಿಸಿದ್ದನ್ನು ಬರೆಯಿರಿ" ಎಂದರೆ ಸಾಕು. ಖುಷಿಯಾದವರಿಗೆ ಮಾತ್ರ ಕಳುಹಿಸುವುದು, ಬರೆದರೆ ಆಯಿಲ್ ಬದಲಾವಣೆಯಲ್ಲಿ ರಿಯಾಯಿತಿ ಎನ್ನುವುದು, ಮನೆಯವರಿಂದಲೂ ಕೆಲಸದವರಿಂದಲೂ ಬರೆಸುವುದು, ಇವೆಲ್ಲ ನಿಯಮಬಾಹಿರ.

ಇಲ್ಲಿ ನಮ್ಮ ಸಂಘಟನೆಗಳಿಗೂ ಒಂದು ಮಾತು ಹೇಳಬೇಕಾಗಿದೆ. ಪರಿಚಯದವರ ಹೊಸ ಪಾರ್ಲರ್ ತೆರೆದ ಕೂಡಲೇ ವಾಳೆಯ ಗುಂಪಿನಲ್ಲಿ ಲಿಂಕ್ ಹಾಕಿ "ಎಲ್ಲರೂ ಐದು ನಕ್ಷತ್ರ ಕೊಡಿ" ಎಂದು ಕೇಳುವ ಅಭ್ಯಾಸವಿದೆ. ಉದ್ದೇಶ ಒಳ್ಳೆಯದೇ. ಆದರೆ ಆ ಪಾರ್ಲರಿನ ಮೆಟ್ಟಿಲು ಹತ್ತದವರು ಬರೆದದ್ದು ಸುಳ್ಳು ಅಭಿಪ್ರಾಯವೇ ಆಗುತ್ತದೆ. ಒಂದೇ ದಿನ ನಲವತ್ತು ಅಭಿಪ್ರಾಯ ಬಂದು ಬಳಿಕ ಮೂರು ತಿಂಗಳು ಒಂದೂ ಬಾರದಿದ್ದರೆ ಓದುವವರಿಗೂ ಸಂಶಯ ಬರುತ್ತದೆ, ಗೂಗಲ್ ಅವುಗಳನ್ನು ಅಳಿಸಿಹಾಕಲೂಬಹುದು. ಆಗ ನಿಜವಾದ ಗಿರಾಕಿ ಬರೆದದ್ದೂ ಅದರೊಂದಿಗೆ ಹೋಗುವ ಅಪಾಯವಿದೆ.

ಕೆಟ್ಟ ಅಭಿಪ್ರಾಯ ಬಂದಾಗ ಅದನ್ನು ತೆಗೆಸುವುದು ಹೇಗೆ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಬೈಗುಳ, ಜಾಹೀರಾತು, ಬೇರೆ ಅಂಗಡಿಯ ವಿಷಯ ಇದ್ದರೆ ದೂರು ಕೊಡಬಹುದು. ನಕ್ಷತ್ರ ಕಡಿಮೆ ಎಂಬ ಕಾರಣಕ್ಕೆ ತೆಗೆಯುವುದಿಲ್ಲ. "ಎರಡು ದಿನ ಎಂದು ಹೇಳಿ ಐದು ದಿನ ಮಾಡಿದರು" ಎಂದು ಒಬ್ಬರು ಬರೆದಿದ್ದಾರೆ ಎನ್ನೋಣ. ಅದಕ್ಕೆ "ಬಿಡಿಭಾಗ ಬರಲು ತಡವಾಯಿತು, ನಿಮಗೆ ಫೋನ್ ಮಾಡಿ ತಿಳಿಸಬೇಕಿತ್ತು, ತಿಳಿಸಲಿಲ್ಲ. ಕ್ಷಮಿಸಿ. ಮುಂದೆ ತಡವಾದರೆ ಅದೇ ದಿನ ತಿಳಿಸುತ್ತೇವೆ" ಎಂಬ ಉತ್ತರ ಸಾಕು. ವಾದಕ್ಕಿಳಿದು ಬರೆದ ಉತ್ತರ ಮೂಲ ದೂರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ವೈದ್ಯರು ಮಾತ್ರ ಇಷ್ಟನ್ನೂ ಬರೆಯುವಂತಿಲ್ಲ. "ನೀವು ಹಲ್ಲು ಕೀಳಿಸಿದ ದಿನ" ಎಂದು ಆರಂಭಿಸಿದರೆ ರೋಗಿಯ ಗುಟ್ಟನ್ನು ಊರಿಗೆ ಹೇಳಿದಂತಾಯಿತು. ಆ ವ್ಯಕ್ತಿ ಕ್ಲಿನಿಕ್ಕಿಗೆ ಬಂದಿದ್ದರು ಎಂಬುದನ್ನೂ ಒಪ್ಪದೆ, ನೇರವಾಗಿ ಫೋನ್ ಮಾಡಿ ಮಾತಾಡಬೇಕೆಂದು ವಿನಂತಿಸುವುದೇ ಸರಿ.

ಕೊನೆಯದಾಗಿ, ಸಹಾಯಕ್ಕೆ ನಿಂತ ಹುಡುಗರ ವಿಷಯ. ಅವರಿಗೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಪ್ರೊಫೈಲಿನ ಮೂರು ಚುಕ್ಕೆಗಳನ್ನು ಒತ್ತಿ `Business Profile settings` ಒಳಗೆ `People and access` ಎಂಬಲ್ಲಿ ಅವರ ಇಮೇಲ್ ಸೇರಿಸಿ, `Manager` ಎಂದು ಆರಿಸಿ. ಹಾಗೆ ಸೇರಿದವರು ಸಮಯ ಬದಲಿಸಬಹುದು, ಫೋಟೋ ಹಾಕಬಹುದು, ಅಭಿಪ್ರಾಯಗಳಿಗೆ ಉತ್ತರಿಸಬಹುದು, ಆದರೆ ಬೇರೆಯವರನ್ನು ಸೇರಿಸಲಾರರು, ತೆಗೆಯಲಾರರು. ಮನೆಯ ಇನ್ನೊಬ್ಬರನ್ನು, ಪತ್ನಿಯನ್ನೋ ಮಗಳನ್ನೋ, `Owner` ಆಗಿ ಸೇರಿಸಿಟ್ಟರೆ ನಿಮ್ಮ ಮೊಬೈಲ್ ಕಳೆದುಹೋದರೂ ಪ್ರೊಫೈಲ್ ಕೈತಪ್ಪುವುದಿಲ್ಲ. ಹೊಸದಾಗಿ ಸೇರಿದವರು ಇತರರನ್ನು ತೆಗೆಯುವಂತಹ ಕೆಲಸಗಳಿಗೆ 7 ದಿನ ಕಾಯಬೇಕಾಗುತ್ತದೆ. ಹೀಗಾಗಿ ಊರು ಬಿಡುವವರಿದ್ದರೆ ಟಿಕೆಟಿನ ಹಿಂದಿನ ದಿನಕ್ಕೆ ಈ ಕೆಲಸ ಇಟ್ಟುಕೊಳ್ಳದೆ ಎರಡು ವಾರ ಮುಂಚಿತವಾಗಿಯೇ ಮುಗಿಸಬೇಕು.